ಮಳೆ ಹೆಚ್ಚಾದರೆ ರಾಗಿ ಎಷ್ಟು ಹೆಚ್ಚುತ್ತದೆ? ಲೀನಿಯರ್ ರಿಗ್ರೆಷನ್ ಗೆರೆಯನ್ನು ಓದುವ ಬಗೆ

ಮಳೆ ಚೆನ್ನಾಗಿ ಆದರೆ ಬೆಳೆ ಚೆನ್ನಾಗಿ ಬರುತ್ತದೆ. ಇದನ್ನು ಹೇಳಲು ಗಣಿತ ಬೇಕಿಲ್ಲ. ಮಳೆಯನ್ನೇ ನಂಬಿ ಬಿತ್ತುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ‘ಎಷ್ಟು ಚೆನ್ನಾಗಿ?’ ಎಂದು ಮುಂದಿನ ಪ್ರಶ್ನೆ ಹಾಕಿದರೆ ಉತ್ತರ ಅಷ್ಟು ಸುಲಭವಲ್ಲ. ನೂರು ಮಿಲಿಮೀಟರ್ ಮಳೆ ಹೆಚ್ಚಾಗಿ ಬಿದ್ದರೆ ಎಕರೆಗೆ ಎಷ್ಟು ಕೆಜಿ ರಾಗಿ ಹೆಚ್ಚು ಸಿಗುತ್ತದೆ? ಐವತ್ತೋ, ಇನ್ನೂರೋ? ಬೆಳೆ ವಿಮೆಯ ಲೆಕ್ಕ ಹಾಕುವವರಿಗೂ, ಬರ ಪರಿಹಾರ ಅಂದಾಜು ಮಾಡುವವರಿಗೂ ಬೇಕಾಗಿರುವುದು ಈ ‘ಎಷ್ಟು’ ಎಂಬ ಸಂಖ್ಯೆಯೇ.

ಹಲವು ವರ್ಷಗಳ ಅಂಕಿಗಳಿಂದ ಈ ಸಂಖ್ಯೆಯನ್ನು ಹೊರತೆಗೆಯುವ ಅತಿ ಸರಳ ವಿಧಾನಕ್ಕೆ ಲೀನಿಯರ್ ರಿಗ್ರೆಷನ್ ಎಂದು ಹೆಸರು. ಚುಕ್ಕಿಗಳ ನಡುವೆ ಅವುಗಳಿಗೆ ಚೆನ್ನಾಗಿ ಹೊಂದುವ ಒಂದು ನೇರ ಗೆರೆ ಎಳೆದು, ಆ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂದು ನೋಡುವುದಷ್ಟೇ ಇದರ ಕೆಲಸ. ಗೆರೆ ಎಳೆಯುವುದನ್ನು ಈಗ ಮೊಬೈಲ್ ಕೂಡ ಮಾಡಿಕೊಡುತ್ತದೆ. ಎಡವಟ್ಟು ಆಗುವುದು ಅದನ್ನು ಓದುವಾಗ.

ಐದು ವರ್ಷ, ಐದು ಚುಕ್ಕಿ

ಒಂದು ಹೊಲವನ್ನು ಊಹಿಸಿಕೊಳ್ಳಿ. ನೀರಾವರಿ ಇಲ್ಲ, ಮುಂಗಾರಿನಲ್ಲಿ ರಾಗಿ ಬಿತ್ತುತ್ತಾರೆ. ಐದು ವರ್ಷ ಬಿತ್ತನೆಯಿಂದ ಕೊಯ್ಲಿನವರೆಗೆ ಬಿದ್ದ ಮಳೆಯನ್ನೂ ಎಕರೆಗೆ ಬಂದ ರಾಗಿಯನ್ನೂ ಬರೆದಿಟ್ಟಿದ್ದಾರೆ. ಮಳೆ 300 ಮಿಮೀ ಆದ ವರ್ಷ 410 ಕೆಜಿ, 400 ಮಿಮೀ ಆದ ವರ್ಷ 640 ಕೆಜಿ, 500 ಮಿಮೀ ಆದ ವರ್ಷವೂ 640 ಕೆಜಿ, 600ಕ್ಕೆ 860 ಕೆಜಿ, 700ಕ್ಕೆ 900 ಕೆಜಿ. ಇವು ಯಾವುದೇ ಊರಿನ ನಿಜವಾದ ದಾಖಲೆಗಳಲ್ಲ, ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಲು ಅನುಕೂಲವಾಗಲೆಂದು ಜೋಡಿಸಿಕೊಂಡ ಅಂಕಿಗಳು. ನಿಜವಾದ ಅಧ್ಯಯನಕ್ಕೆ ಐದು ವರ್ಷ ಏನೇನೂ ಸಾಲದು.

ಗ್ರಾಫ್ ಹಾಳೆಯಲ್ಲಿ ಅಡ್ಡ ಅಕ್ಷದ ಮೇಲೆ ಮಳೆ, ಲಂಬ ಅಕ್ಷದ ಮೇಲೆ ಇಳುವರಿ ಇಟ್ಟು ಐದು ಚುಕ್ಕಿ ಹಾಕಿ. ಚುಕ್ಕಿಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋಗುತ್ತವೆ, ಆದರೆ ಒಂದೇ ಸಾಲಿನಲ್ಲಿ ಅಲ್ಲ. 400 ಮತ್ತು 500 ಮಿಮೀ ವರ್ಷಗಳಲ್ಲಿ ಇಳುವರಿ ಒಂದೇ ಆಗಿದೆ. ಯಾವ ನೇರ ಗೆರೆಯೂ ಈ ಐದು ಚುಕ್ಕಿಗಳ ಮೂಲಕ ಹಾದುಹೋಗಲಾರದು. ಹಾಗಾದರೆ ಎಲ್ಲಿ ಎಳೆಯಬೇಕು?

ಮೊದಲು ಹೊಳೆಯುವ ಉಪಾಯ, ಮೊದಲ ಚುಕ್ಕಿಯನ್ನೂ ಕೊನೆಯ ಚುಕ್ಕಿಯನ್ನೂ ಸ್ಕೇಲ್ ಇಟ್ಟು ಜೋಡಿಸುವುದು. ಹಾಗೆ ಮಾಡಿದರೆ ಆ ಎರಡು ವರ್ಷಗಳಿಗೆ ಗೆರೆ ನೂರಕ್ಕೆ ನೂರು ಸರಿ. ಆದರೆ 400 ಮಿಮೀ ವರ್ಷಕ್ಕೆ ಅದು 532.5 ಕೆಜಿ ಎನ್ನುತ್ತದೆ, ಬಂದದ್ದು 640. ಅಂದರೆ 107.5 ಕೆಜಿ ತಪ್ಪಿತು. 600 ಮಿಮೀ ವರ್ಷದಲ್ಲಿ 82.5 ಕೆಜಿ ತಪ್ಪಿತು, 500ರಲ್ಲಿ 15. ಹೀಗೆ ಪ್ರತಿ ಚುಕ್ಕಿಗೂ ಗೆರೆಗೂ ನಡುವೆ ಲಂಬವಾಗಿ ಉಳಿಯುವ ಅಂತರವನ್ನು ಉಳಿಕೆ ಎನ್ನೋಣ. ಉಳಿಕೆಗಳನ್ನು ಒಂದೊಂದಾಗಿ ವರ್ಗ ಮಾಡಿ, ಅಂದರೆ ಅದರಿಂದಲೇ ಗುಣಿಸಿ, ಕೂಡಿದರೆ ಈ ಗೆರೆಗೆ 18,587.5 ಬರುತ್ತದೆ. ಇದು ಗೆರೆಯ ‘ದಂಡ’ ಎಂದುಕೊಳ್ಳಿ. ಯಾವ ಗೆರೆಗೆ ದಂಡ ಎಲ್ಲಕ್ಕಿಂತ ಕಡಿಮೆಯೋ ಅದೇ ಚೆನ್ನಾಗಿ ಹೊಂದುವ ಗೆರೆ. ಈ ಕನಿಷ್ಠ ವರ್ಗಗಳ ವಿಧಾನವನ್ನು ಫ್ರಾನ್ಸಿನ ಗಣಿತಜ್ಞ ಲೆಜೆಂಡ್ರ್ 1805ರಲ್ಲಿ ಪ್ರಕಟಿಸಿದರು. ಅವರು ಲೆಕ್ಕ ಹಾಕುತ್ತಿದ್ದದ್ದು ಬೆಳೆಯನ್ನಲ್ಲ, ಧೂಮಕೇತುಗಳ ಹಾದಿಯನ್ನು.

ವರ್ಗ ಏಕೆ ಮಾಡಬೇಕು? ಉಳಿಕೆಗಳನ್ನು ಹಾಗೆಯೇ ಕೂಡಿದರೆ ಮೇಲಿನ ತಪ್ಪು ಕೆಳಗಿನ ತಪ್ಪನ್ನು ನುಂಗಿಹಾಕುತ್ತದೆ. ವರ್ಗ ಮಾಡಿದರೆ ಎಲ್ಲವೂ ಧನ ಸಂಖ್ಯೆಗಳಾಗುತ್ತವೆ. ಇದಕ್ಕೊಂದು ಅಡ್ಡಪರಿಣಾಮವೂ ಇದೆ. 10 ಕೆಜಿ ತಪ್ಪಿಗೆ ದಂಡ 100, ಆದರೆ 100 ಕೆಜಿ ತಪ್ಪಿಗೆ ದಂಡ 10,000. ದೊಡ್ಡ ತಪ್ಪಿಗೆ ಗೆರೆ ತುಂಬಾ ಹೆದರುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಒಂದು ನೆರೆಯ ವರ್ಷ ಬಂದಾಗ ಬೇಕಾಗುತ್ತದೆ.

ಗೆರೆ ಹುಡುಕುವ ಲೆಕ್ಕ

ಸಾವಿರ ಗೆರೆ ಎಳೆದು ಪರೀಕ್ಷಿಸುವ ಅಗತ್ಯವಿಲ್ಲ, ನೇರ ದಾರಿಯೊಂದಿದೆ. ಐದು ವರ್ಷದ ಸರಾಸರಿ ಮಳೆ 500 ಮಿಮೀ, ಸರಾಸರಿ ಇಳುವರಿ 690 ಕೆಜಿ. ಪ್ರತಿ ವರ್ಷವೂ ಮಳೆ ತನ್ನ ಸರಾಸರಿಯಿಂದ ಎಷ್ಟು ದೂರ, ಇಳುವರಿ ತನ್ನ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಎರಡನ್ನೂ ಗುಣಿಸಿ. ಮೊದಲ ವರ್ಷ ಮಳೆ 200 ಕಡಿಮೆ, ಇಳುವರಿ 280 ಕಡಿಮೆ, ಗುಣಲಬ್ಧ 56,000. ಎರಡನೆಯದು 100 ಕಡಿಮೆ, 50 ಕಡಿಮೆ, ಅಲ್ಲಿಗೆ 5,000. ಮೂರನೆಯದರಲ್ಲಿ ಮಳೆ ಸರಾಸರಿಯಷ್ಟೇ ಇದ್ದುದರಿಂದ ಸೊನ್ನೆ. ನಾಲ್ಕನೆಯದು 17,000, ಐದನೆಯದು 42,000. ಒಟ್ಟು 1,20,000. ಇನ್ನು ಮಳೆಯ ದೂರಗಳನ್ನಷ್ಟೇ ವರ್ಗ ಮಾಡಿ ಕೂಡಿದರೆ 1,00,000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.2 ಬರುತ್ತದೆ. ಇದೇ ಗೆರೆಯ ಇಳಿಜಾರು, ಇಂಗ್ಲಿಷಿನಲ್ಲಿ ಸ್ಲೋಪ್. ಏರುವ ಗೆರೆಗೂ ಇಳಿಜಾರು ಎನ್ನಬೇಕಾಗಿರುವುದು ನಮ್ಮ ಪಠ್ಯಪುಸ್ತಕಗಳ ಒಂದು ಸಣ್ಣ ತಮಾಷೆ.

ಗೆರೆ ಯಾವಾಗಲೂ ಎರಡು ಸರಾಸರಿಗಳು ಸೇರುವ ಬಿಂದುವಿನ ಮೂಲಕವೇ ಹೋಗುತ್ತದೆ. ಹಾಗಾಗಿ 500 ಮಿಮೀಗೆ 690 ಕೆಜಿ. ಅಲ್ಲಿಂದ ಹಿಂದಕ್ಕೆ ಸೊನ್ನೆ ಮಳೆಯವರೆಗೆ ನಡೆದರೆ 690ರಲ್ಲಿ 600 ಕಳೆದು 90 ಉಳಿಯುತ್ತದೆ. ಮಳೆಯನ್ನು x, ಇಳುವರಿಯನ್ನು y ಎಂದರೆ ಪೂರ್ತಿ ಗೆರೆ ಇಷ್ಟೇ: y = 90 + 1.2x.

| ಮಳೆ (ಮಿಮೀ) | ಬಂದ ಇಳುವರಿ (ಕೆಜಿ) | ಗೆರೆ ಹೇಳುವುದು (ಕೆಜಿ) | ಉಳಿಕೆ (ಕೆಜಿ) |
|---|---|---|---|
| 300 | 410 | 450 | −40 |
| 400 | 640 | 570 | +70 |
| 500 | 640 | 690 | −50 |
| 600 | 860 | 810 | +50 |
| 700 | 900 | 930 | −30 |

ಈ ಗೆರೆ ಒಂದು ವರ್ಷವನ್ನೂ ಸರಿಯಾಗಿ ಹೇಳಿಲ್ಲ! ಆದರೂ ಇದರ ದಂಡ 12,400, ಸ್ಕೇಲ್ ಇಟ್ಟು ಎಳೆದ ಗೆರೆಗಿಂತ ಮೂರನೇ ಒಂದು ಭಾಗ ಕಡಿಮೆ. ಇದಕ್ಕಿಂತ ಕಡಿಮೆ ದಂಡದ ನೇರ ಗೆರೆ ಈ ಐದು ಚುಕ್ಕಿಗಳಿಗೆ ಇಲ್ಲವೇ ಇಲ್ಲ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ A ಕಾಲಂನಲ್ಲಿ ಮಳೆ, B ಕಾಲಂನಲ್ಲಿ ಇಳುವರಿ ತುಂಬಿದ್ದರೆ ಇದೇ ಉತ್ತರ ಕ್ಷಣದಲ್ಲಿ ಸಿಗುತ್ತದೆ:

```
=SLOPE(B2:B6, A2:A6)
=INTERCEPT(B2:B6, A2:A6)
```

ಮೊದಲು ಇಳುವರಿ, ಆಮೇಲೆ ಮಳೆ ಎಂಬ ಕ್ರಮ ಮುಖ್ಯ. ಅದಲುಬದಲಾದರೆ 1.2ರ ಬದಲು ಸುಮಾರು 0.77 ಬರುತ್ತದೆ. ಅದು ಒಂದು ಕೆಜಿ ರಾಗಿ ಹೆಚ್ಚಿದ್ದರೆ ಮಳೆ ಎಷ್ಟು ಹೆಚ್ಚಿದ್ದೀತು ಎಂಬ ಬೇರೆಯದೇ ಪ್ರಶ್ನೆಯ ಉತ್ತರ. ಶೀಟ್ ಮಾತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

1.2 ಎಂದರೆ ಏನು?

ಇಳಿಜಾರನ್ನು ಎಂದೂ ಬರಿಯ ಸಂಖ್ಯೆಯಾಗಿ ಓದಬಾರದು. ಇಲ್ಲಿ ಅದು ‘ಒಂದು ಮಿಲಿಮೀಟರ್ ಮಳೆಗೆ ಎಕರೆಗೆ 1.2 ಕೆಜಿ’. ಒಂದು ಮಿಮೀ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಯಲ್ಲಿ ಸುಮಾರು 4,047 ಚದರ ಮೀಟರ್ ಇರುವುದರಿಂದ, ಈ ಹೊಲದಲ್ಲಿ ನಾಲ್ಕು ಸಾವಿರ ಲೀಟರ್ ಚಿಲ್ಲರೆ ಮಳೆನೀರು ಹೆಚ್ಚಿದಲ್ಲಿ ಒಂದೂ ಕಾಲು ಕೆಜಿಯ ಹತ್ತಿರ ರಾಗಿ ಹೆಚ್ಚಿದೆ. ಇದೇ ಲೆಕ್ಕವನ್ನು ಹೆಕ್ಟೇರಿಗೆ ಕ್ವಿಂಟಲ್‌ನಲ್ಲಿ ಬರೆದರೆ ಇಳಿಜಾರು ಸುಮಾರು 0.03ಕ್ಕೆ ಇಳಿಯುತ್ತದೆ. ಮಳೆಯನ್ನು ಇಂಚಿನಲ್ಲಿ ಅಳೆದು ಇಳುವರಿಯನ್ನು ಎಕರೆಗೆ ಕೆಜಿಯಲ್ಲೇ ಇಟ್ಟರೆ 30ಕ್ಕೆ ಏರುತ್ತದೆ. ಹೊಲ ಅದೇ, ಮಳೆ ಅದೇ, ರಾಗಿಯೂ ಅದೇ. ಆದ್ದರಿಂದ ‘ಇಳಿಜಾರು 0.03 ಮಾತ್ರ, ಹಾಗಾಗಿ ಮಳೆಯ ಪರಿಣಾಮ ನಗಣ್ಯ’ ಎಂಬ ವಾಕ್ಯ ಎಲ್ಲಾದರೂ ಕಂಡರೆ ಮೊದಲು ಮಾಪನ ಯಾವುದೆಂದು ಹುಡುಕಿ.

ಇನ್ನೊಂದು ವಿಷಯ. 100 ಮಿಮೀ ಹೆಚ್ಚು ಮಳೆಗೆ 120 ಕೆಜಿ ಹೆಚ್ಚು ಎಂದು ಇಳಿಜಾರು ಹೇಳುತ್ತದೆ. ಆದರೆ ಪಟ್ಟಿ ನೋಡಿ. 400ರಿಂದ 500ಕ್ಕೆ ಹೋದಾಗ ಒಂದು ಕೆಜಿಯೂ ಹೆಚ್ಚಲಿಲ್ಲ. 500ರಿಂದ 600ಕ್ಕೆ ಹೋದಾಗ 220 ಹೆಚ್ಚಿತು. ಇಳಿಜಾರು ಯಾವುದೋ ಒಂದು ವರ್ಷಕ್ಕೆ ಕೊಟ್ಟ ಭರವಸೆಯಲ್ಲ, ಎಲ್ಲ ವರ್ಷಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು. ಮುಂದಿನ ವರ್ಷದ ಬಗ್ಗೆ ಮಾತನಾಡುವಾಗ ಇಳಿಜಾರಿನ ಜೊತೆಗೆ ಉಳಿಕೆಗಳನ್ನೂ ಹೇಳಬೇಕು. ಈ ಗೆರೆ 30ರಿಂದ 70 ಕೆಜಿವರೆಗೆ ತಪ್ಪಿದೆ, ಮತ್ತೆಯೂ ತಪ್ಪುತ್ತದೆ.

ಇನ್ನು ಆ 90. ಗೆರೆಯನ್ನು ಅಕ್ಷರಶಃ ನಂಬಿದರೆ ಹನಿ ಮಳೆ ಬೀಳದ ವರ್ಷದಲ್ಲೂ ಎಕರೆಗೆ 90 ಕೆಜಿ ರಾಗಿ ಸಿಗಬೇಕು! ಗೆರೆಯ ತಪ್ಪು ಇದಲ್ಲ. ನಮ್ಮ ಅಂಕಿಗಳು 300ರಿಂದ 700 ಮಿಮೀವರೆಗೆ ಮಾತ್ರ ಇವೆ. ಅದರಾಚೆ ಏನಾಗುತ್ತದೆ ಎಂದು ಗೆರೆ ಕಂಡೇ ಇಲ್ಲ, ಸುಮ್ಮನೆ ಮೂಗಿನ ನೇರಕ್ಕೆ ಮುಂದುವರಿಯುತ್ತದೆ. 90 ಎಂಬುದು ಗೆರೆಯನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಲು ಬೇಕಾದ ಸಂಖ್ಯೆ, ಅದಕ್ಕಿಂತ ಹೆಚ್ಚಿನ ಅರ್ಥ ಇಲ್ಲಿ ಇಲ್ಲ.

ಒಂದು ನೆರೆಯ ವರ್ಷ

ಕೆಳಗಿನ ತುದಿಯಲ್ಲಿ ಆದದ್ದು ಮೇಲಿನ ತುದಿಯಲ್ಲೂ ಆಗುತ್ತದೆ, ಅಲ್ಲಿ ಅಪಾಯ ಇನ್ನೂ ಹೆಚ್ಚು. ಆರನೇ ವರ್ಷ 1,100 ಮಿಮೀ ಸುರಿಯಿತು ಎಂದುಕೊಳ್ಳಿ. ಗೆರೆಯ ಪ್ರಕಾರ 1,410 ಕೆಜಿ ಬರಬೇಕು. ಆದರೆ ಹೊಲದಲ್ಲಿ ನೀರು ನಿಂತಿತು, ಪೈರು ಮಲಗಿತು, ಬೆಂಕಿ ರೋಗ ಬಂತು, ಕೊಯ್ಲಿನ ಹೊತ್ತಿಗೆ ತೆನೆಯಲ್ಲೇ ಕಾಳು ಮೊಳೆಯಿತು. ಕೈಗೆ ಸಿಕ್ಕಿದ್ದು 500 ಕೆಜಿ.

ಈ ಒಂದು ಚುಕ್ಕಿಯನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ಇಳಿಜಾರು 1.2ರಿಂದ 0.0625ಕ್ಕೆ ಬೀಳುತ್ತದೆ. ನೂರು ಮಿಮೀ ಮಳೆಗೆ 120 ಕೆಜಿ ಎನ್ನುತ್ತಿದ್ದ ಗೆರೆ ಈಗ ಆರು ಕೆಜಿ ಚಿಲ್ಲರೆ ಎನ್ನುತ್ತದೆ. ಬರಿಯ ಈ ಸಂಖ್ಯೆ ನೋಡಿದವರು ‘ಮಳೆಗೂ ರಾಗಿಗೂ ಸಂಬಂಧವೇ ಇಲ್ಲ’ ಎಂದು ತೀರ್ಮಾನಿಸಿಬಿಡಬಹುದು, ಹೊಲದಲ್ಲಿ ನಿಂತವರು ನಕ್ಕಾರು.

ಆಗಿದ್ದೇನು? ಉಳಿದ ಐದು ವರ್ಷಗಳಿಂದ ದೂರ, ಒಂಟಿಯಾಗಿ ಬಲ ತುದಿಯಲ್ಲಿ ನಿಂತ ಚುಕ್ಕಿಗೆ ಸನ್ನೆಕೋಲಿನ ತುದಿಗಿರುವಂಥ ಬಲ ಇರುತ್ತದೆ. ಹಳೆಯ ಗೆರೆ ಅಲ್ಲಿ 910 ಕೆಜಿ ತಪ್ಪುತ್ತಿತ್ತು, ಅದರ ವರ್ಗ ಎಂಟು ಲಕ್ಷ ದಾಟುತ್ತದೆ. ಆ ದಂಡ ತಪ್ಪಿಸಿಕೊಳ್ಳಲು ಗೆರೆ ಉಳಿದೆಲ್ಲ ಚುಕ್ಕಿಗಳನ್ನು ಬಿಟ್ಟುಕೊಟ್ಟು ಬಗ್ಗಿತು.

ಇದನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ಚಿತ್ರ ಬರೆದರೆ ಕಣ್ಣಿಗೇ ಕಾಣುತ್ತದೆ. ಚಿತ್ರ ಇಲ್ಲದಿದ್ದರೆ ಉಳಿಕೆಗಳನ್ನು ಮಳೆಯ ಕ್ರಮದಲ್ಲಿ ಸಾಲಾಗಿ ಬರೆಯಿರಿ. ಹೊಸ ಗೆರೆಯ ಉಳಿಕೆಗಳು ಹೆಚ್ಚುಕಡಿಮೆ ಹೀಗಿವೆ: −230, −6, −12, +202, +235, −190. ಮೊದಲು ಋಣ, ನಡುವೆ ಧನ, ಕೊನೆಗೆ ಮತ್ತೆ ಋಣ. ಹಳೆಯ ಪಟ್ಟಿಯಲ್ಲಿ ಚಿಹ್ನೆಗಳು ಒಂದು ಬಿಟ್ಟು ಒಂದು ಬದಲಾಗುತ್ತಿದ್ದವು, ಇಲ್ಲಿ ಗುಂಪು ಕಟ್ಟಿವೆ. ಉಳಿಕೆಗಳು ಹೀಗೆ ಗುಡ್ಡದ ಆಕಾರ ತಾಳಿದರೆ ನಿಜವಾದ ಸಂಬಂಧ ಬಾಗಿದೆ, ಅದರ ಮೇಲೆ ನೀವು ನೇರ ಗೆರೆ ಒತ್ತುತ್ತಿದ್ದೀರಿ ಎಂದರ್ಥ. ಬೆಳೆಗೆ ನೀರು ಸಾಲದಿರುವಾಗ ಹೆಚ್ಚು ಮಳೆ ಲಾಭ, ಸಾಕಾದ ಮೇಲೆ ವ್ಯರ್ಥ, ಇನ್ನೂ ಹೆಚ್ಚಾದರೆ ನಷ್ಟ. ಅನಾವೃಷ್ಟಿ, ಅತಿವೃಷ್ಟಿ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಹಾಗಂತ ಆರನೇ ವರ್ಷವನ್ನು ಸದ್ದಿಲ್ಲದೆ ಅಳಿಸಿಹಾಕುವುದು ನನ್ನ ದೃಷ್ಟಿಯಲ್ಲಿ ಇನ್ನೂ ಕೆಟ್ಟದ್ದು, ಏಕೆಂದರೆ ಆ ವರ್ಷ ನಿಜವಾಗಿ ನಡೆದಿದೆ. ಪ್ರಾಮಾಣಿಕ ದಾರಿ ಎರಡಿವೆ. ಒಂದೋ ‘300ರಿಂದ 700 ಮಿಮೀವರೆಗೆ ಇಳಿಜಾರು 1.2, ಅದರಾಚೆ ಈ ಗೆರೆ ಅನ್ವಯಿಸದು’ ಎಂದು ಬಾಯಿಬಿಟ್ಟು ಹೇಳುವುದು. ಇಲ್ಲವೇ ನೇರ ಗೆರೆ ಬಿಟ್ಟು ಏರಿ ಇಳಿಯುವ ವಕ್ರರೇಖೆ ಬಳಸುವುದು. ಆದರೆ ಅಂಥ ರೇಖೆಯನ್ನು ನಂಬಲು 700 ಮತ್ತು 1,100ರ ನಡುವಿನ ವರ್ಷಗಳೂ ಬೇಕು.

ಇಳಿಜಾರೇ ತಿರುಗಿಬಿದ್ದ ಊರು

ಮಳೆ ಹೆಚ್ಚಾದಷ್ಟೂ ಬೆಳೆ ಕಡಿಮೆಯಾಗುವ ಜಾಗಗಳೂ ಇವೆ. ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಲ್ಲಿ ಅಲ್ಲಿ ಗೋಧಿಯ ಪ್ರಯೋಗ ಆರಂಭವಾಯಿತು, ಇಂದಿಗೂ ನಡೆಯುತ್ತಿದೆ. ಹೊಲವನ್ನು ಪಟ್ಟೆಗಳಾಗಿ ವಿಂಗಡಿಸಿ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ, ಉಳಿದವಕ್ಕೆ ಬೇರೆ ಬೇರೆ ರಾಸಾಯನಿಕ ಗೊಬ್ಬರ ಹಾಕಿ, ಪ್ರತಿ ವರ್ಷದ ಇಳುವರಿಯನ್ನು ಬರೆದಿಡುತ್ತಾ ಬಂದರು. ಮಳೆಯ ದಾಖಲೆಯೂ ಇತ್ತು. 1919ರಲ್ಲಿ ಈ ರಾಶಿ ಅಂಕಿಗಳನ್ನು ಪರಿಶೀಲಿಸಲು ಕೆಲಸಕ್ಕೆ ಸೇರಿದವರು ರೊನಾಲ್ಡ್ ಫಿಶರ್. ಮುಂದೆ ಸಂಖ್ಯಾಶಾಸ್ತ್ರದ ದೊಡ್ಡ ಹೆಸರಾದವರು.

ಫಿಶರ್ ಮಾಡಿದ ಮೊದಲ ಜಾಣತನ, ಗೆರೆ ಎಳೆಯುವ ಮುನ್ನ ಇಳುವರಿಯಲ್ಲಿನ ನಿಧಾನಗತಿಯ ಏರಿಳಿತಗಳನ್ನು ಬೇರ್ಪಡಿಸಿದ್ದು. ಮಣ್ಣಿನ ಸಾರ ಕುಂದುವುದು, ಕಳೆ ಹೆಚ್ಚುವುದು ಇವೆಲ್ಲ ದಶಕಗಳಲ್ಲಿ ನಡೆಯುವಂಥವು, ಅವುಗಳ ಹೊಣೆಯನ್ನು ಮಳೆಯ ತಲೆಗೆ ಕಟ್ಟುವಂತಿಲ್ಲ. ಎರಡನೆಯದು, ಅವರು ವರ್ಷದ ಒಟ್ಟು ಮಳೆಗೆ ಒಂದೇ ಇಳಿಜಾರು ಹುಡುಕಲಿಲ್ಲ. ವರ್ಷವನ್ನು ಸಣ್ಣ ಸಣ್ಣ ಅವಧಿಗಳಾಗಿ ಒಡೆದು, ಈ ಅವಧಿಯಲ್ಲಿ ಒಂದಿಂಚು ಮಳೆ ಹೆಚ್ಚಾದರೆ ಗೋಧಿ ಎಷ್ಟು ಬದಲಾಗುತ್ತದೆ ಎಂದು ಕೇಳಿದರು. ಹೀಗೆ ಇಳಿಜಾರೇ ವರ್ಷವಿಡೀ ಬದಲಾಗುತ್ತಾ ಹೋಗುವ ಒಂದು ರೇಖೆಯಾಯಿತು. 1920ರ ದಶಕದಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಸರಾಸರಿಗಿಂತ ಹೆಚ್ಚಿನ ಮಳೆ ವರ್ಷದ ಬಹುಪಾಲು ಗೋಧಿಗೆ ನಷ್ಟವನ್ನೇ ತರುತ್ತದೆ. ಅಂದರೆ ಇಳಿಜಾರು ಋಣಾತ್ಮಕ. ಅಲ್ಲಿ ಗೋಧಿ ಶರತ್ಕಾಲದಲ್ಲಿ ಬಿತ್ತಿ ಮುಂದಿನ ಬೇಸಿಗೆಯಲ್ಲಿ ಕೊಯ್ಯುವ ಬೆಳೆ. ತಂಪು ಹವೆ, ಮಳೆ ವರ್ಷವಿಡೀ ಹಂಚಿಹೋಗಿದೆ, ನೀರಿನ ಕೊರತೆ ಹೆಚ್ಚಿಲ್ಲ. ಹೆಚ್ಚುವರಿ ಮಳೆ ಮಣ್ಣಿನ ನೈಟ್ರೇಟನ್ನು ತೊಳೆದು ಬೇರಿಗೆ ಎಟುಕದಷ್ಟು ಆಳಕ್ಕೆ ಒಯ್ಯುತ್ತದೆ.

ನಮ್ಮ ರಾಗಿ ಹೊಲದ 1.2ನ್ನು ಅಲ್ಲಿಗೆ ಒಯ್ಯಲಾಗದು, ಅಲ್ಲಿಯದನ್ನು ಇಲ್ಲಿಗೆ ತರಲಾಗದು. ಪಕ್ಕದ ತಾಲ್ಲೂಕಿಗೆ ಒಯ್ಯುವ ಮುನ್ನವೂ ಕೆಂಪು ಮಣ್ಣೋ ಕಪ್ಪು ಮಣ್ಣೋ ಎಂದು ನೋಡಬೇಕು, ಎರಡೂ ನೀರು ಹಿಡಿದಿಡುವ ಬಗೆ ಬೇರೆ. ಒಟ್ಟು ಮಳೆಯ ಇಳಿಜಾರು ಏನನ್ನು ಮುಚ್ಚಿಡುತ್ತದೆ ಎಂಬುದನ್ನೂ ಫಿಶರ್ ಕೆಲಸ ತೋರಿಸುತ್ತದೆ. ನಮ್ಮ ಪಟ್ಟಿಯ 500 ಮಿಮೀ ವರ್ಷವನ್ನೇ ನೋಡಿ, 50 ಕೆಜಿ ಕಡಿಮೆ ಬಂದಿದೆ. ಒಟ್ಟು ಮಳೆ ಸಾಕಷ್ಟಿದ್ದರೂ ತೆನೆ ಬರುವ ಹೊತ್ತಿಗೆ ಮೂರು ವಾರ ಹನಿ ಬೀಳದಿದ್ದರೆ ಹೀಗಾಗುವುದು ಸಹಜ. ಆ ಮೂರು ವಾರ ಒಟ್ಟು ಮೊತ್ತದಲ್ಲಿ ಕಾಣುವುದೇ ಇಲ್ಲ.

ಮಳೆಯೇ ಕಾರಣವೇ?

ಕೊನೆಗೆ ಹೆಚ್ಚಿನವರು ಜಾರುವ ಜಾಗ. ‘ಇಳಿಜಾರು 1.2, ಆದ್ದರಿಂದ 100 ಮಿಮೀಯಷ್ಟು ಬೋರ್‌ವೆಲ್ ನೀರು ಹಾಯಿಸಿದರೆ 120 ಕೆಜಿ ಹೆಚ್ಚು ಸಿಗುತ್ತದೆ’ ಎನ್ನಬಹುದೇ? ಗೆರೆ ಹಾಗೆ ಹೇಳಿಲ್ಲ. ಮಳೆ ಚೆನ್ನಾಗಿ ಹಿಡಿದ ವರ್ಷ ರೈತರು ಸಕಾಲಕ್ಕೆ ಬಿತ್ತುತ್ತಾರೆ, ಧೈರ್ಯವಾಗಿ ಮೇಲುಗೊಬ್ಬರ ಹಾಕುತ್ತಾರೆ, ಕಳೆ ತೆಗೆಸಲು ಖರ್ಚು ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಇವೆಲ್ಲ ಕಡಿಮೆ. ಹಾಗಾಗಿ 1.2ರೊಳಗೆ ಮಳೆಯ ಪಾಲಿನ ಜೊತೆ ಗೊಬ್ಬರದ ಪಾಲೂ ಸೇರಿಕೊಂಡಿದೆ. ಗೊಬ್ಬರದ ಅಂಕಿಯನ್ನೂ ಬರೆದಿಟ್ಟಿದ್ದರೆ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು, ಗೊಬ್ಬರ ಒಂದೇ ಮಟ್ಟದಲ್ಲಿದ್ದಾಗ ಮಳೆಯ ಇಳಿಜಾರು ಎಷ್ಟು ಎಂದು ಕೇಳಬಹುದು. ಬರೆದಿಡದಿದ್ದರೆ ಯಾವ ಸೂತ್ರವೂ ಅದನ್ನು ಬಿಡಿಸಿಕೊಡದು.

ಹಲವು ದಶಕಗಳ ಅಂಕಿಗಳಿದ್ದರೆ ತಳಿಯ ಪ್ರಶ್ನೆಯೂ ಬರುತ್ತದೆ. ‘ರಾಗಿ ಬ್ರಹ್ಮ’ ಎಂದು ಹೆಸರಾದ ಡಾ. ಲಕ್ಷ್ಮಣಯ್ಯ ಮಂಡ್ಯದಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಇಂಡಾಫ್ ತಳಿಗಳನ್ನು ತಂದ ಮೇಲೆ ಕರ್ನಾಟಕದಲ್ಲಿ ರಾಗಿಯ ಇಳುವರಿಯೇ ಬೇರೆ ಮಟ್ಟಕ್ಕೆ ಏರಿತು. ಹೊಸ ತಳಿ ಬಂದ ನಂತರದ ವರ್ಷಗಳಲ್ಲಿ ಆಕಸ್ಮಿಕವಾಗಿ ಮಳೆಯೂ ಚೆನ್ನಾಗಿದ್ದರೆ ತಳಿಯ ಕೀರ್ತಿ ಮಳೆಗೆ ಹೋಗಿ ಇಳಿಜಾರು ಉಬ್ಬುತ್ತದೆ. ಮಳೆ ಕಡಿಮೆಯಿದ್ದರೆ ಇಳಿಜಾರು ಸೊರಗುತ್ತದೆ, ಋಣಾತ್ಮಕವೂ ಆಗಬಹುದು. ಇದನ್ನು ಪರೀಕ್ಷಿಸಲು ಹಳೆಯ ತಳಿಯ ವರ್ಷಗಳಿಗೊಂದು, ಹೊಸ ತಳಿಯ ವರ್ಷಗಳಿಗೊಂದು ಗೆರೆ ಬೇರೆಬೇರೆಯಾಗಿ ಎಳೆದು ನೋಡಿ. ಎರಡೂ ಗೆರೆಗಳ ಎತ್ತರ ಬೇರೆಯಿದ್ದು ಇಳಿಜಾರು ಹೆಚ್ಚುಕಡಿಮೆ ಒಂದೇ ಇದ್ದರೆ, ತಳಿ ಇಳುವರಿಯನ್ನು ಏರಿಸಿದೆ, ಮಳೆಗೆ ಬೆಳೆ ಸ್ಪಂದಿಸುವ ರೀತಿ ಬದಲಾಗಿಲ್ಲ. ಇಳಿಜಾರೂ ಬೇರೆಯಾದರೆ ಹೊಸ ತಳಿ ಪ್ರತಿ ಮಿಲಿಮೀಟರ್ ಮಳೆಯನ್ನೂ ಬೇರೆ ರೀತಿಯಲ್ಲಿ ಬಳಸಿಕೊಳ್ಳುತ್ತಿದೆ.